ಉಪವಾಸ ಬಿದ್ದ ದೇಹಕ್ಕೆ ಮತ್ತೆ ಊಟ: ರೀಫೀಡಿಂಗ್ ಸಿಂಡ್ರೋಮ್ ಆಗದ ಹಾಗೆ ಶುರು ಮಾಡುವುದು ಹೇಗೆ

ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯಿಂದ ಆ ಮನುಷ್ಯನನ್ನು ಜೀಪಿನಲ್ಲಿ ಕರೆತಂದರು. ಜನವರಿ 13, ಸಂಕ್ರಾಂತಿಗೆ ಇನ್ನೆರಡು ದಿನ. ವಯಸ್ಸು 52. ಹೆಂಡತಿ ತೀರಿಕೊಂಡ ಮೇಲೆ ಕುಡಿತ ಜಾಸ್ತಿಯಾಗಿತ್ತು. ಕಳೆದ 12 ದಿನ ಹೊಟ್ಟೆಗೆ ಹೋಗಿದ್ದು ಸಾರಾಯಿ, ಕರಿ ಕಾಫಿ, ಎಲ್ಲೋ ಎರಡು ಬಿಸ್ಕತ್ತು. ಜೊತೆಗೆ ಬಂದ ತಂಗಿ ಹೇಳಿದ ಮೊದಲ ಮಾತು ಇದು: "ಮೇಡಂ, ಮೊದ್ಲು ಎರಡು ಬಾಟ್ಲಿ ಗ್ಲೂಕೋಸ್ ಹಾಕ್ಬಿಡಿ. ಆಮೇಲೆ ಮುದ್ದೆ ಸಾರು ತಂದಿದೀನಿ, ತಿನ್ನಿಸ್ತೀನಿ."

ನಾನು ಎರಡಕ್ಕೂ ಬೇಡ ಅಂದೆ. ಯಾಕೆ ಬೇಡ, ಬದಲಿಗೆ ಏನು ಮಾಡಿದೆವು, ಯಾವ ದಿನ ಏನಾಯಿತು ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಸ್ವಲ್ಪ ಬದಲಿಸಿದ್ದೇನೆ. ಇದು ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಮಾಡುವ ಡಾಕ್ಟರು, ಸಿಸ್ಟರುಗಳಿಗೆ. ರೋಗಿಯ ಜೊತೆ ಕೂರುವ ಮನೆಯವರಿಗೂ ಬಹುಪಾಲು ಅರ್ಥವಾಗುತ್ತದೆ. ಔಷಧದ ಲೆಕ್ಕ ಮಾತ್ರ ಡಾಕ್ಟರ ಕೈಯಲ್ಲೇ ಇರಲಿ. ಇಲ್ಲಿ ಹೇಳುವುದೆಲ್ಲ ದೊಡ್ಡವರಿಗೆ. ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಬೇರೆಯದೇ ಕ್ರಮ ಇದೆ, ಅವರನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಬೇಕು.

ಒಳಗೆ ಏನಾಗುತ್ತದೆ

ಊಟ ನಿಂತ ಒಂದೆರಡು ದಿನದಲ್ಲಿ ದೇಹದ ಸಕ್ಕರೆ ದಾಸ್ತಾನು ಮುಗಿಯುತ್ತದೆ. ಆಮೇಲೆ ಕೊಬ್ಬು ಕರಗಿಸಿ, ಮಾಂಸಖಂಡ ಕರಗಿಸಿ ದೇಹ ದಿನ ತಳ್ಳುತ್ತದೆ. ಇನ್ಸುಲಿನ್ ಕೆಳಗಿಳಿಯುತ್ತದೆ. ನಾಡಿ ನಿಧಾನವಾಗುತ್ತದೆ. ಈ ಹೊತ್ತಿನಲ್ಲಿ ಜೀವಕೋಶಗಳ ಒಳಗಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಮೂರೂ ಮೆಲ್ಲಗೆ ಸೋರಿಹೋಗುತ್ತಿರುತ್ತವೆ. ಆದರೆ ರಕ್ತದಲ್ಲಿ ಅಳೆದರೆ ಸರಿಯಾಗಿಯೇ ಕಾಣುತ್ತವೆ. ಕಣಜ ಬರಿದಾಗಿದ್ದರೂ ಅಂಗಳದಲ್ಲಿ ಎರಡು ಸೇರು ಭತ್ತ ಹರಡಿರುವುದರಿಂದ ಮನೆಯಲ್ಲಿ ಭತ್ತ ಇದೆ ಅನ್ನಿಸುವ ಹಾಗೆ.

ಈಗ ಒಮ್ಮೆಲೇ ಸಕ್ಕರೆ ಸಿಕ್ಕಿತು ಅನ್ನಿ. ಬಾಯಿಂದಲೋ ಡ್ರಿಪ್ಪಿನಿಂದಲೋ, ಎರಡೂ ಒಂದೇ. ಇನ್ಸುಲಿನ್ ಏರುತ್ತದೆ. ಜೀವಕೋಶಗಳು ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತವೆ. ಆ ಸಕ್ಕರೆಯಿಂದ ಶಕ್ತಿ ತೆಗೆಯಲು ಫಾಸ್ಫೇಟ್ ಬೇಕು, ಹಾಗಾಗಿ ಅದನ್ನೂ ಎಳೆದುಕೊಳ್ಳುತ್ತವೆ. ಜೊತೆಗೆ ಪೊಟ್ಯಾಸಿಯಂ, ಮೆಗ್ನೀಸಿಯಂ ಸಹ ಒಳಗೆ ಹೋಗುತ್ತವೆ. ಅಂಗಳದಲ್ಲಿದ್ದ ಆ ಎರಡು ಸೇರು ಒಂದೇ ದಿನದಲ್ಲಿ ಖಾಲಿ. ಫಾಸ್ಫೇಟ್ ಕುಸಿದರೆ ಉಸಿರಾಟದ ಸ್ನಾಯು ಸೋಲುತ್ತದೆ, ಹೃದಯ ಸೋಲುತ್ತದೆ. ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದರೆ ಹೃದಯದ ಬಡಿತ ತಾಳ ತಪ್ಪುತ್ತದೆ.

ಇನ್ನೂ ಎರಡು ಸಂಗತಿ ಸೇರಿಕೊಳ್ಳುತ್ತವೆ. ಸಕ್ಕರೆ ಉರಿಯಬೇಕಾದರೆ ಥಯಾಮಿನ್, ಅಂದರೆ ಬಿ1 ವಿಟಮಿನ್ ಬೇಕು. ಉಪವಾಸ ಇದ್ದವರಲ್ಲಿ, ಅದರಲ್ಲೂ ಕುಡಿಯುವವರಲ್ಲಿ, ಅದು ತಳ ಕಂಡಿರುತ್ತದೆ. ಉಳಿದ ಚೂರು ಥಯಾಮಿನ್ ಕೂಡ ಹೊಸದಾಗಿ ಬಂದ ಸಕ್ಕರೆಗೆ ಖರ್ಚಾದರೆ ಮಿದುಳಿಗೆ ಪೆಟ್ಟು ಬೀಳುತ್ತದೆ. ಎರಡನೆಯದು, ಇನ್ಸುಲಿನ್ ಏರಿದಾಗ ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಸೊರಗಿದ ಹೃದಯ ಆ ನೀರಿನ ಭಾರ ತಡೆಯುವುದಿಲ್ಲ.

ಇದೆಲ್ಲ ಸೇರಿದ್ದೇ ರೀಫೀಡಿಂಗ್ ಸಿಂಡ್ರೋಮ್. ಎರಡನೇ ಮಹಾಯುದ್ಧ ಮುಗಿದಾಗ ಹಸಿವಿನಿಂದ ಸೊರಗಿದ್ದ ಕೈದಿಗಳಲ್ಲಿ ಕೆಲವರು ಬಿಡುಗಡೆಯಾಗಿ ಹೊಟ್ಟೆ ತುಂಬ ಉಂಡ ಮೇಲೆ ಸತ್ತರು. ವೈದ್ಯರ ಗಮನಕ್ಕೆ ಇದು ಸ್ಪಷ್ಟವಾಗಿ ಬಂದಿದ್ದು ಆಗ.

ಹೆಜ್ಜೆ 1: ಯಾರಿಗೆ ಅಪಾಯ ಅಂತ ಮೊದಲ ಹತ್ತು ನಿಮಿಷದಲ್ಲೇ ಗುರುತಿಸಿ

ಇದಕ್ಕೆ ಲ್ಯಾಬ್ ಬೇಡ. ತೂಕದ ಯಂತ್ರ, ಟೇಪು, ಮನೆಯವರ ಹತ್ತಿರ ಎರಡು ಮಾತು ಸಾಕು. ಇಂಗ್ಲೆಂಡಿನ ನೈಸ್ ಸಂಸ್ಥೆ 2006ರಲ್ಲಿ ಕೊಟ್ಟ ಅಳತೆಗೋಲನ್ನೇ ನಾನು ಈಗಲೂ ಬಳಸುತ್ತೇನೆ.

ಈ ಮುಂದಿನವುಗಳಲ್ಲಿ ಒಂದೇ ಒಂದು ಇದ್ದರೂ ಅಪಾಯ ಹೆಚ್ಚು: ಬಿಎಂಐ 16ಕ್ಕಿಂತ ಕಡಿಮೆ, 3ರಿಂದ 6 ತಿಂಗಳಲ್ಲಿ ತೂಕ ತಾನಾಗೇ ಶೇ 15ಕ್ಕಿಂತ ಜಾಸ್ತಿ ಇಳಿದಿರುವುದು, 10 ದಿನಕ್ಕಿಂತ ಹೆಚ್ಚು ಕಾಲ ಊಟ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಊಟ ಶುರು ಮಾಡುವ ಮೊದಲೇ ಪೊಟ್ಯಾಸಿಯಂ, ಫಾಸ್ಫೇಟ್ ಅಥವಾ ಮೆಗ್ನೀಸಿಯಂ ಕಡಿಮೆ. ಇಷ್ಟು ಗಂಭೀರವಾಗಿಲ್ಲದಿದ್ದರೆ ಇನ್ನೊಂದು ಪಟ್ಟಿ ಇದೆ. ಬಿಎಂಐ 18.5ಕ್ಕಿಂತ ಕಡಿಮೆ, ತೂಕ ಶೇ 10ಕ್ಕಿಂತ ಜಾಸ್ತಿ ಇಳಿದಿದೆ, 5 ದಿನಕ್ಕಿಂತ ಹೆಚ್ಚು ಊಟ ಇಲ್ಲ, ಕುಡಿತದ ಚಟ ಅಥವಾ ಇನ್ಸುಲಿನ್, ಕೀಮೋ, ಆಂಟಾಸಿಡ್, ಮೂತ್ರ ಹೆಚ್ಚಿಸುವ ಮಾತ್ರೆಯ ಬಳಕೆ. ಇವುಗಳಲ್ಲಿ ಯಾವುದಾದರೂ ಎರಡು ಇದ್ದರೆ ಅದೂ ಹೆಚ್ಚಿನ ಅಪಾಯವೇ.

ನಮ್ಮ ರೋಗಿಗೆ ಸ್ವಂತ ಬಲದಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಅಟೆಂಡರ್ ಅವನನ್ನು ಎತ್ತಿಕೊಂಡು ತೂಕದ ಮೇಲೆ ನಿಂತ, ಆಮೇಲೆ ಅಟೆಂಡರನ ತೂಕ ಕಳೆದೆವು. 38 ಕೆ.ಜಿ. ಎತ್ತರ 160 ಸೆಂ.ಮೀ. 38ನ್ನು 1.6ರಿಂದ ಎರಡು ಸಲ ಭಾಗಿಸಿದರೆ ಬಿಎಂಐ 14.8. ಊಟ ಬಿಟ್ಟು 12 ದಿನ. ಜೊತೆಗೆ ಕುಡಿತ. ಅಪಾಯ ಖಚಿತ.

ಇನ್ನೊಂದು ಗೆರೆ ನೆನಪಿಡಿ. ಬಿಎಂಐ 14ಕ್ಕಿಂತ ಕೆಳಗೆ ಅಥವಾ 15 ದಿನಕ್ಕಿಂತ ಜಾಸ್ತಿ ಊಟವಿಲ್ಲ ಅಂದರೆ ಅದು ಅತಿ ಅಪಾಯ. ಅಂಥವರಿಗೆ ಹೃದಯದ ಬಡಿತವನ್ನು ಎಡೆಬಿಡದೆ ನೋಡುವ ಮಾನಿಟರ್ ಬೇಕು. ನಮ್ಮಲ್ಲಿ ಅದಿಲ್ಲದಿದ್ದರೆ ಊಟ ಶುರು ಮಾಡುವ ಮೊದಲೇ ಹಾಸನಕ್ಕೆ ಕಳಿಸುವುದು ಒಳ್ಳೆಯದು.

ಹೆಜ್ಜೆ 2: ರಕ್ತ ತೆಗೆಯಿರಿ, ಆದರೆ ರಿಪೋರ್ಟ್ ನೋಡಿ ನೆಮ್ಮದಿ ಪಡಬೇಡಿ

ಸುಮ್ನೆ "ಎಲೆಕ್ಟ್ರೋಲೈಟ್ಸ್" ಅಂತ ಬರೆದರೆ ಲ್ಯಾಬ್‌ನವರು ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಮಾಡಿ ಕಳಿಸುತ್ತಾರೆ. ನಮಗೆ ಮುಖ್ಯವಾಗಿ ಬೇಕಾದ ಫಾಸ್ಫರಸ್, ಮೆಗ್ನೀಸಿಯಂ ಅದರಲ್ಲಿ ಇರುವುದಿಲ್ಲ. ಎರಡನ್ನೂ ಹೆಸರು ಹಿಡಿದು ಬರೆಯಬೇಕು. ಕ್ರಿಯಾಟಿನಿನ್, ಕ್ಯಾಲ್ಸಿಯಂ, ರಕ್ತದ ಸಕ್ಕರೆ ಕೂಡ ಬೇಕು. ಒಂದು ಇಸಿಜಿ.

ನಮ್ಮ ಕಡೆ ಫಾಸ್ಫರಸ್ ಪರೀಕ್ಷೆಗೆ ಸ್ಯಾಂಪಲ್ ಹಾಸನಕ್ಕೆ ಹೋಗಬೇಕಾಗುವುದು ಉಂಟು. ಇಲ್ಲೊಂದು ಬಲೆ ಇದೆ. ರಕ್ತವನ್ನು ಹಾಗೇ ಟ್ಯೂಬಿನಲ್ಲಿ ಬಿಟ್ಟು ಬಸ್ಸಿನಲ್ಲಿ ಅಲ್ಲಾಡಿಸುತ್ತಾ ಕಳಿಸಿದರೆ ಕೆಂಪು ಕಣ ಒಡೆಯುತ್ತವೆ. ಅವುಗಳ ಒಳಗಿನ ಪೊಟ್ಯಾಸಿಯಂ, ಫಾಸ್ಫೇಟ್ ಹೊರಬಂದು ರಿಪೋರ್ಟಿನಲ್ಲಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ನಿಜವಾಗಿ 1.5 ಇದ್ದದ್ದು 2.6 ಅಂತ ಬಂದರೆ ನಾವು ಕೈಕಟ್ಟಿ ಕೂರುತ್ತೇವೆ, ಅಲ್ವಾ? ಹಾಗಾಗಿ ನಮ್ಮ ಲ್ಯಾಬಿನಲ್ಲೇ ಸೆಂಟ್ರಿಫ್ಯೂಜ್ ಮಾಡಿ ಸೀರಮ್ ಬೇರೆ ಮಾಡಿ ಕಳಿಸಿ. ಸೀರಮ್ ಹುಲ್ಲಿನ ಬಣ್ಣ ಇರಬೇಕು. ಗುಲಾಬಿ ಬಣ್ಣ ಇದ್ದರೆ ಆ ಅಂಕಿ ನಂಬಬೇಡಿ, ಮತ್ತೆ ತೆಗೆಯಿರಿ.

ನಮ್ಮ ರೋಗಿಯ ಮೊದಲ ದಿನದ ಅಂಕಿ: ಫಾಸ್ಫರಸ್ 2.9 ಮಿಲಿಗ್ರಾಂ, ಸಾಮಾನ್ಯವಾಗಿ 2.5ರಿಂದ 4.5. ಪೊಟ್ಯಾಸಿಯಂ 3.4, ಇರಬೇಕಾದ್ದು 3.5ರ ಮೇಲೆ. ಮೆಗ್ನೀಸಿಯಂ 1.7, ಅಂಚಿನಲ್ಲಿದೆ. ಕ್ರಿಯಾಟಿನಿನ್ 0.6, ಸಕ್ಕರೆ 84. ನಾಡಿ 56. ನೋಡಿದವರು "ಪರವಾಗಿಲ್ಲವಲ್ಲ" ಅನ್ನಬಹುದು. ಇದು ಅಂಗಳದ ಭತ್ತ. ಮೊದಲ ದಿನದ ಅಂಕಿಯ ನಿಜವಾದ ಉಪಯೋಗ ಒಂದೇ. ಮುಂದಿನ ದಿನಗಳಲ್ಲಿ ಎಷ್ಟು ಇಳಿಯಿತು ಅಂತ ಅಳೆಯಲು ಅದು ಮೊದಲ ಗುರುತು.

ಹೆಜ್ಜೆ 3: ಸಕ್ಕರೆಗಿಂತ ಮೊದಲು ಥಯಾಮಿನ್

ಇಡೀ ಬರಹದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮೊದಲ ತುತ್ತಿಗೂ ಮೊದಲ ಗ್ಲೂಕೋಸ್ ಬಾಟ್ಲಿಗೂ ಅರ್ಧ ಗಂಟೆ ಮುಂಚೆ ಥಯಾಮಿನ್ ಹೋಗಬೇಕು. 100 ಮಿಲಿಗ್ರಾಂ ಥಯಾಮಿನ್ ಇಂಜೆಕ್ಷನ್ನನ್ನು 100 ಮಿ.ಲೀ. ನಾರ್ಮಲ್ ಸಲೈನಿನಲ್ಲಿ ಬೆರೆಸಿ ಅರ್ಧ ಗಂಟೆಯಲ್ಲಿ ಕೊಟ್ಟೆವು. ಅವನು ಕುಡಿಯುವವನಾದ್ದರಿಂದ ದಿನಕ್ಕೆ ಮೂರು ಸಲ, ಹೀಗೆ ಮೂರು ದಿನ. ಆಮೇಲೆ ಮಾತ್ರೆ, ದಿನಕ್ಕೆ ಒಟ್ಟು 300 ಮಿಲಿಗ್ರಾಂ, ಹತ್ತು ದಿನ ತುಂಬುವವರೆಗೆ. ಜೊತೆಗೆ ದಿನಕ್ಕೊಂದು ಮಲ್ಟಿವಿಟಮಿನ್.

ಕಣ್ಣುಗುಡ್ಡೆ ಅದುರುವುದು, ನಡೆದರೆ ತೂರಾಡುವುದು, ಮಾತು ಅಡ್ಡಾದಿಡ್ಡಿ ಹೋಗುವುದು ಕಂಡರೆ ಈ ಡೋಸ್ ಸಾಲದು. ಆಗ ಪ್ರತಿ ಸಲಕ್ಕೆ 500 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ಕುಡಿದಿದ್ದಾನೆ, ಅದಕ್ಕೇ ತೂರಾಡ್ತಿದ್ದಾನೆ ಅಂತ ಬಿಟ್ಟುಬಿಡಬೇಡಿ.

ಸಕ್ಕರೆ ತೀರಾ ಇಳಿದು ರೋಗಿ ಪ್ರಜ್ಞೆ ತಪ್ಪಿದ್ದರೆ ಮಾತ್ರ ಕಾಯಬಾರದು. ಶೇ 25ರ ಡೆಕ್ಸ್ಟ್ರೋಸ್ ಕೂಡಲೇ ಕೊಡಿ, ಅದರ ಜೊತೆಗೇ ಥಯಾಮಿನ್ ಕೊಡಿ.

ಈಗ ಆ ಗ್ಲೂಕೋಸ್ ಬಾಟ್ಲಿಯ ಲೆಕ್ಕ ನೋಡೋಣ. ಶೇ 5ರ ಡೆಕ್ಸ್ಟ್ರೋಸ್ 500 ಮಿ.ಲೀ. ಬಾಟ್ಲಿಯಲ್ಲಿ 25 ಗ್ರಾಂ ಸಕ್ಕರೆ ಇದೆ, ಸುಮಾರು 85 ಕ್ಯಾಲೊರಿ. ಡಿಎನ್‌ಎಸ್ ಬಾಟ್ಲಿಯಲ್ಲೂ ಅಷ್ಟೇ. ಮೂರು ಬಾಟ್ಲಿ ಅಂದರೆ 255 ಕ್ಯಾಲೊರಿ, ಬರೀ ಸಕ್ಕರೆ. ಫಾಸ್ಫೇಟ್ ಒಂದು ಹನಿಯೂ ಇಲ್ಲ, ವಿಟಮಿನ್ ಇಲ್ಲ. ನಮ್ಮೂರಲ್ಲಿ ಡ್ರಿಪ್ ಅಂದರೆ ನೀರು, ತಂಪು, ಶಕ್ತಿ ಅಂತ ನಂಬಿಕೆ. ಇಂಥ ರೋಗಿಗೆ ಅದೇ ಮೊದಲ ಊಟ, ಅದೂ ಅತ್ಯಂತ ಕೆಟ್ಟ ಊಟ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಒಂದು ಆಸ್ಪತ್ರೆಯಲ್ಲಿ ಹೀಗೇ ಒಬ್ಬ ಹೆಂಗಸಿಗೆ ರಾತ್ರಿಯಿಡೀ ಗ್ಲೂಕೋಸ್ ಹೋಯಿತು. ಬರೆದಿದ್ದು ನಾನೇ. ಮೂರನೇ ದಿನ ಆಕೆಗೆ ಉಸಿರಾಟ ಸೋತಿತು. ಫಾಸ್ಫರಸ್ ಪರೀಕ್ಷೆ ಮಾಡಿಸಬೇಕು ಅಂತ ಆಗ ನನಗೆ ಹೊಳೆಯಲೇ ಇಲ್ಲ. ಆಕೆ ಉಳಿಯಲಿಲ್ಲ. ಈಗ ಕೇಸ್ ಶೀಟಿನ ಮೊದಲ ಪುಟದಲ್ಲೇ ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ: "ಥಯಾಮಿನ್ ಆಗದೆ ಡೆಕ್ಸ್ಟ್ರೋಸ್ ಬೇಡ."

ಹೆಜ್ಜೆ 4: ಮೊದಲ ದಿನದ ಊಟ, ಅಳತೆ ಹಾಕಿ

ಹೆಚ್ಚಿನ ಅಪಾಯದವರಿಗೆ ದಿನಕ್ಕೆ ಒಂದು ಕೆ.ಜಿ. ತೂಕಕ್ಕೆ 10 ಕ್ಯಾಲೊರಿ. ಅತಿ ಅಪಾಯದವರಿಗೆ 5 ಮಾತ್ರ. ಅಮೆರಿಕದ ಆಸ್ಪೆನ್ ತಜ್ಞರು 2020ರಲ್ಲಿ 10ರಿಂದ 20ರವರೆಗೂ ಆಗಬಹುದು ಅಂದಿದ್ದಾರೆ. ಫಾಸ್ಫರಸ್ ದಿನಕ್ಕೆರಡು ಸಲ ನೋಡುವ ಅನುಕೂಲ ಇದ್ದರೆ ಅದೂ ಸರಿ. ನಮ್ಮಂಥ ಕಡೆ, ರಿಪೋರ್ಟ್ ಬರಲು ಅರ್ಧ ದಿನ ಹಿಡಿಯುವಾಗ, 10ರಿಂದ ಶುರು ಮಾಡುವುದೇ ಜಾಣತನ ಅಂತ ನನ್ನ ಅಭಿಪ್ರಾಯ.

38 ಕೆ.ಜಿ.ಗೆ 380 ಕ್ಯಾಲೊರಿ. ಇದನ್ನು ಅಡುಗೆಮನೆ ಭಾಷೆಗೆ ತಂದರೆ ಹೀಗೆ: ಹಸುವಿನ ಹಾಲು 400 ಮಿ.ಲೀ., ಸುಮಾರು 260 ಕ್ಯಾಲೊರಿ. ರಾಗಿ ಹಿಟ್ಟು 20 ಗ್ರಾಂ, ಸುಮಾರು 65. ಒಂದು ಸಣ್ಣ ಇಡ್ಲಿ, ಸುಮಾರು 55. ಇಷ್ಟೇ ಇಡೀ ದಿನಕ್ಕೆ. ಇದನ್ನು ಆರು ಪಾಲು ಮಾಡಿ, ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಮೂರು ಗಂಟೆಗೊಂದು ಸಲದಂತೆ ಕೊಟ್ಟೆವು. ನಾಲ್ಕು ಸಲ ಹಾಲಿನಲ್ಲಿ ಬೇಯಿಸಿದ ತೆಳು ರಾಗಿ ಗಂಜಿ, ಒಂದು ಸಲ ಬರೀ ಹಾಲು, ಒಂದು ಸಲ ಇಡ್ಲಿ. ಸಕ್ಕರೆ, ಬೆಲ್ಲ ಹಾಕಲಿಲ್ಲ. ಚಿಟಿಕೆ ಉಪ್ಪು ಮಾತ್ರ.

ಹಾಲನ್ನೇ ಯಾಕೆ ಆರಿಸಿದೆವು? ಸಲೀಸಾಗಿ ಮೈಗೆ ಹತ್ತುವ ಫಾಸ್ಫೇಟ್ ಹಾಲಿನಲ್ಲಿದೆ. 400 ಮಿ.ಲೀ. ಹಾಲಿನಲ್ಲಿ ಸುಮಾರು 12 ಮಿಲಿಮೋಲ್. ಇಂಥವರಿಗೆ ದಿನಕ್ಕೆ ಬೇಕಾದ್ದು ಕೆ.ಜಿ.ಗೆ 0.3ರಿಂದ 0.6 ಮಿಲಿಮೋಲ್. ನಮ್ಮ ರೋಗಿಗೆ 11ರಿಂದ 23. ಅಂದರೆ ಕನಿಷ್ಠ ಅಗತ್ಯ ಹಾಲಿನಲ್ಲೇ ಸಿಕ್ಕಿತು. ರಾಗಿಯಲ್ಲೂ ಫಾಸ್ಫರಸ್ ಇದೆ, ಆದರೆ ಕಾಳುಗಳಲ್ಲಿ ಅದು ಬಿಗಿದುಕೊಂಡಿರುವುದರಿಂದ ಕರುಳಿಗೆ ಪೂರ್ತಿ ದಕ್ಕುವುದಿಲ್ಲ. ಹಾಲು ಕುಡಿದು ಭೇದಿಯಾದರೆ ಮೊಸರಿಗೆ ಬದಲಿಸಿ. ನುಂಗಲಾಗದವರಿಗೆ ಇದೇ ಅಳತೆಯನ್ನು ಸೋಸಿ ಮೂಗಿನ ಟ್ಯೂಬಿನಲ್ಲಿ ಕೊಡಬಹುದು.

ಕಷ್ಟ ಇರುವುದು ಲೆಕ್ಕದಲ್ಲಲ್ಲ, ಮನೆಯವರಿಗೆ ಒಪ್ಪಿಸುವುದರಲ್ಲಿ. ತಂಗಿ ಲೋಟ ನೋಡಿ ಅತ್ತಳು. "ಇಷ್ಟು ದಿನ ಉಪವಾಸ ಇದ್ದೋನಿಗೆ ಇಷ್ಟೇನಾ ಮೇಡಂ? ಬೆಕ್ಕಿಗೆ ಹಾಕ್ದಂಗೆ." ನಾನು ಅವಳ ಪಕ್ಕ ಕೂತು ಹೇಳಿದೆ. "ನೋಡವ್ವ, ಬೇಸಿಗೇಲಿ ಬಿರಿದ ಗದ್ದೆಗೆ ಒಂದೇ ಸಲ ತೂಬು ಎತ್ತಿಬಿಟ್ರೆ ಏನಾಗುತ್ತೆ? ಬದು ಕೊಚ್ಕೊಂಡು ಹೋಗುತ್ತೆ. ಸ್ವಲ್ಪ ಸ್ವಲ್ಪ ಬಿಡ್ಬೇಕು. ನಾಲ್ಕು ದಿನ ಕಷ್ಟ, ಆಮೇಲೆ ನಿನ್ನ ಕೈ ಮುದ್ದೆನೇ ತಿನ್ನಿಸು." ತಲೆಯಾಡಿಸಿದಳು.

ಹೆಜ್ಜೆ 5: ಮೂರು ಲವಣ, ಮತ್ತು ನೀರು

ಮೊದಲು ಲವಣ ಸರಿಮಾಡಿ, ಆಮೇಲೆ ಊಟ ಅಂತ ಕಾಯಬೇಕಾಗಿಲ್ಲ. ಎರಡೂ ಜೊತೆಗೇ ನಡೆಯಲಿ, ಊಟ ಮೇಲೆ ಹೇಳಿದ ಅಳತೆಯಲ್ಲೇ ಇದ್ದರೆ. ಆದರೆ ರೋಗಿಗೆ ಮೂತ್ರ ಹೋಗುತ್ತಿದೆಯೇ, ಕ್ರಿಯಾಟಿನಿನ್ ಸರಿ ಇದೆಯೇ ನೋಡದೆ ಪೊಟ್ಯಾಸಿಯಂ, ಮೆಗ್ನೀಸಿಯಂ, ಫಾಸ್ಫೇಟ್ ಯಾವುದನ್ನೂ ಕೊಡಬೇಡಿ.

ಪೊಟ್ಯಾಸಿಯಂ ದಿನಕ್ಕೆ ಕೆ.ಜಿ.ಗೆ 2ರಿಂದ 4 ಮಿಲಿಮೋಲ್ ಬೇಕಾಗಬಹುದು. ಬಾಯಿಂದ ಕೊಡುವುದೇ ಸುರಕ್ಷಿತ. ಪೊಟ್ಯಾಸಿಯಂ ಕ್ಲೋರೈಡ್ ಸಿರಪ್ 15 ಮಿ.ಲೀ.ನಲ್ಲಿ 20 ಮಿಲಿಮೋಲ್ ಇರುತ್ತದೆ. ಅದನ್ನು ನೀರಿನಲ್ಲಿ ಬೆರೆಸಿ ಮೂರು ಹೊತ್ತು ಕೊಟ್ಟೆವು. 60 ಆಯಿತು, ಹಾಲಿನಿಂದ ಇನ್ನೊಂದು 15. ರುಚಿ ಕೆಟ್ಟದ್ದು, ಗಂಜಿಯಾದ ಮೇಲೆ ಕೊಟ್ಟರೆ ಹೊಟ್ಟೆ ತೊಳಸುವುದು ಕಡಿಮೆ. ಇಂಜೆಕ್ಷನ್ ಬೇಕಾದರೆ 10 ಮಿ.ಲೀ. ಆಂಪ್ಯೂಲಿನಲ್ಲಿ 20 ಮಿಲಿಮೋಲ್ ಇರುತ್ತದೆ. ಅದನ್ನು ಯಾವತ್ತೂ ನೇರವಾಗಿ ರಕ್ತನಾಳಕ್ಕೆ ಕೊಡಬಾರದು, ಹೃದಯ ನಿಲ್ಲುತ್ತದೆ. ಕನಿಷ್ಠ 500 ಮಿ.ಲೀ. ಸಲೈನಿನಲ್ಲಿ ಬೆರೆಸಿ, ಗಂಟೆಗೆ 10 ಮಿಲಿಮೋಲ್ ಮೀರದಂತೆ ಬಿಡಬೇಕು.

ಮೆಗ್ನೀಸಿಯಂ ಸಣ್ಣ ಆಸ್ಪತ್ರೆಯಲ್ಲಿ ಸಿಗುವುದಿಲ್ಲ ಅಂತ ಕೆಲವರು ಅಂದುಕೊಂಡಿರುತ್ತಾರೆ. ಹೆರಿಗೆ ವಾರ್ಡಿನ ಕಪಾಟು ತೆಗೆದು ನೋಡಿ. ಬಸುರಿಯರ ಫಿಟ್ಸಿಗೆ ಇಟ್ಟಿರುವ ಮೆಗ್ನೀಸಿಯಂ ಸಲ್ಫೇಟೇ ಇದು. ಶೇ 50ರ 2 ಮಿ.ಲೀ. ಆಂಪ್ಯೂಲ್ ಅಂದರೆ 1 ಗ್ರಾಂ, ಅಂದರೆ 4 ಮಿಲಿಮೋಲ್. ನಮಗೆ ಬೇಕಾದ್ದು ದಿನಕ್ಕೆ ಕೆ.ಜಿ.ಗೆ 0.2 ಮಿಲಿಮೋಲ್, ಅಂದರೆ ಎರಡು ಆಂಪ್ಯೂಲ್. 100 ಮಿ.ಲೀ. ಸಲೈನಿನಲ್ಲಿ ನಾಲ್ಕು ಗಂಟೆ ನಿಧಾನವಾಗಿ ಕೊಟ್ಟೆವು. ಮೊಣಕಾಲಿನ ರಿಫ್ಲೆಕ್ಸ್ ನೋಡುವುದು, ಮೂತ್ರ ಅಳೆಯುವುದು ಹೆರಿಗೆ ವಾರ್ಡಿನ ಸಿಸ್ಟರುಗಳಿಗೆ ಚೆನ್ನಾಗಿ ಗೊತ್ತು, ಅವರ ಸಹಾಯ ಕೇಳಿ. ಮೆಗ್ನೀಸಿಯಂ ಬಿಟ್ಟು ಬರೀ ಪೊಟ್ಯಾಸಿಯಂ ಸುರಿದರೆ ಅದು ಮೂತ್ರದಲ್ಲಿ ಹೊರಟುಹೋಗುತ್ತದೆ. ಎಷ್ಟು ಕೊಟ್ಟರೂ ಪೊಟ್ಯಾಸಿಯಂ ಏರುತ್ತಿಲ್ಲ ಅಂದರೆ ಮೊದಲು ಮೆಗ್ನೀಸಿಯಂ ನೋಡಿ.

ನೀರು, ಗಂಜಿ, ಡ್ರಿಪ್ ಎಲ್ಲ ಸೇರಿ ದಿನಕ್ಕೆ ಕೆ.ಜಿ.ಗೆ 25ರಿಂದ 30 ಮಿ.ಲೀ. ಇವನಿಗೆ ಸುಮಾರು ಒಂದು ಲೀಟರ್. ಔಷಧ ಬೆರೆಸಿದ ಸಲೈನೂ ಇದರಲ್ಲೇ ಲೆಕ್ಕಕ್ಕೆ ಬರಬೇಕು. ಮರೆಯುವುದು ಅದನ್ನೇ. ವಾಂತಿ, ಭೇದಿಯಿಂದ ನೀರು ಬತ್ತಿದ್ದರೆ ಮಾತ್ರ ಅದನ್ನು ತುಂಬಿಕೊಡಲು ಹೆಚ್ಚು ಬೇಕು.

ಹೆಜ್ಜೆ 6: ಎರಡರಿಂದ ಐದನೇ ದಿನ, ಕಣ್ಣು ಕೀಳಬೇಡಿ

ಅಪಾಯ ಬರುವುದು ರೋಗಿ ಚೇತರಿಸಿಕೊಂಡ ಹಾಗೆ ಕಾಣುವ ಹೊತ್ತಿನಲ್ಲಿ. ಎದ್ದು ಕೂರುತ್ತಾನೆ, ಮಾತಾಡುತ್ತಾನೆ, ಹಸಿವು ಅನ್ನುತ್ತಾನೆ. ಮನೆಯವರಿಗೆ ಖುಷಿ. ಒಳಗೆ ಫಾಸ್ಫೇಟ್ ಇಳಿಯುತ್ತಿರುತ್ತದೆ.

ಹಾಗಾಗಿ ನಾಲ್ಕು ಗಂಟೆಗೊಮ್ಮೆ ನಾಡಿ ಮತ್ತು ಉಸಿರನ್ನು ಇಡೀ ಒಂದು ನಿಮಿಷ ಎಣಿಸಬೇಕು. ದಿನಾ ಬೆಳಗ್ಗೆ ಅದೇ ಯಂತ್ರದಲ್ಲಿ ತೂಕ. ಕಾಲಿನ ಹರಡಿನಲ್ಲಿ ಬೆರಳೊತ್ತಿ ಊತ ಇದೆಯೇ ಅಂತ ನೋಡಬೇಕು. ಕೈ ಹಿಡಿತ, ದಿಂಬಿನಿಂದ ತಲೆ ಎತ್ತಲು ಆಗುತ್ತದೆಯೇ ಅನ್ನುವುದು. ಇದರಲ್ಲಿ ನನಗೆ ಹೆಚ್ಚು ನಂಬಿಕೆ ನಾಡಿಯ ಮೇಲೆ. ಹಸಿದ ದೇಹದ ನಾಡಿ 50-60 ಇರುತ್ತದೆ. ಅದು 90 ಆದರೆ ಬೇರೆಯವರಿಗೆ ಸಾಮಾನ್ಯ, ಇವನಿಗೆ ಗಂಟೆ ಬಾರಿಸಿದ ಹಾಗೆ. ರಕ್ತದ ಸಕ್ಕರೆ ಆರು ಗಂಟೆಗೊಮ್ಮೆ, ಏರುವುದೂ ಉಂಟು, ರಾತ್ರಿ ಇಳಿಯುವುದೂ ಉಂಟು. ಫಾಸ್ಫರಸ್, ಪೊಟ್ಯಾಸಿಯಂ, ಮೆಗ್ನೀಸಿಯಂ ಮೊದಲ ಮೂರು ದಿನ 12 ಗಂಟೆಗೊಮ್ಮೆ ನೋಡುವುದು ಒಳ್ಳೆಯದು. ಆಗದಿದ್ದರೆ ದಿನಕ್ಕೊಮ್ಮೆಯಾದರೂ ಬಿಡದೆ.

ಊಟ ಶುರುವಾದ ಐದು ದಿನದೊಳಗೆ ಇವುಗಳಲ್ಲಿ ಯಾವುದೇ ಒಂದು ಶೇ 10ರಿಂದ 20 ಇಳಿದರೆ ಸಣ್ಣ ಮಟ್ಟದ ರೀಫೀಡಿಂಗ್, 20ರಿಂದ 30 ಇಳಿದರೆ ಮಧ್ಯಮ, 30ಕ್ಕಿಂತ ಜಾಸ್ತಿ ಇಳಿದರೆ ತೀವ್ರ.

ನಮ್ಮ ರೋಗಿಯ ಫಾಸ್ಫರಸ್ ಎರಡನೇ ದಿನ 2.4. ಅಂಕಿ ನೋಡಿದರೆ ಸ್ವಲ್ಪವೇ ಕಡಿಮೆ. ಆದರೆ 2.9ರಿಂದ ಶೇ 17 ಇಳಿದಿತ್ತು. ಹಾಗಾಗಿ ಊಟ ಏರಿಸಲಿಲ್ಲ, ಮೂರನೇ ದಿನವೂ 380ರಲ್ಲೇ ಇಟ್ಟೆವು.

ಮೂರನೇ ದಿನ ಸಂಕ್ರಾಂತಿ. ಸಂಜೆ ಆರಕ್ಕೆ ಸಿಸ್ಟರ್ ಕರೆದರು. ನಾಡಿ 104. ಉಸಿರು ನಿಮಿಷಕ್ಕೆ 26. ಹರಡಿನಲ್ಲಿ ಬೆರಳು ಹೂತಿತು. ಬೆಳಗಿನ ತೂಕ 39.5, ಎರಡು ದಿನದಲ್ಲಿ ಒಂದೂವರೆ ಕೆ.ಜಿ. ಏರಿಕೆ. 380 ಕ್ಯಾಲೊರಿಯಲ್ಲಿ ಇಷ್ಟು ಮಾಂಸ ಬೆಳೆಯುವುದಿಲ್ಲ, ಅದು ನೀರು. ಜ್ವರ ಇರಲಿಲ್ಲ. ಕುಡಿತ ಬಿಟ್ಟವರಿಗೆ ಎರಡು ಮೂರನೇ ದಿನ ಕೈ ನಡುಕ, ಗಾಬರಿ, ನಾಡಿ ಏರುವುದು ಇದ್ದೇ ಇರುತ್ತದೆ. ಎರಡನ್ನೂ ಬೇರೆ ಮಾಡಿ ನೋಡಬೇಕು. ಇವನಿಗೆ ನಡುಕ ಇರಲಿಲ್ಲ, ಬೆವರಿರಲಿಲ್ಲ. ಬದಲಿಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಇಸಿಜಿಯಲ್ಲಿ ಟಿ ಅಲೆ ಚಪ್ಪಟೆಯಾಗಿತ್ತು, ಅದರ ಹಿಂದೆ ಯು ಅಲೆ ಎದ್ದಿತ್ತು. ಅದು ಪೊಟ್ಯಾಸಿಯಂ ಇಳಿದದ್ದರ ಗುರುತು.

ತಂಗಿಯನ್ನು ಹೊರಗೆ ಕರೆದು ಮೆಲ್ಲಗೆ ಕೇಳಿದೆ. ಮಧ್ಯಾಹ್ನ ನೆಂಟರು ಬಂದಿದ್ದರು. ಎಳ್ಳು ಬೆಲ್ಲ ಕೊಟ್ಟರು, ಒಂದು ದೊಡ್ಡ ಬಟ್ಟಲು ಸಿಹಿ ಪೊಂಗಲ್ ತಿನ್ನಿಸಿದರು. "ಹಬ್ಬದ ದಿನ ಅಲ್ವಾ ಮೇಡಂ, ಅಣ್ಣ ಆಸೆಪಟ್ಟ." ಬೈಯಲು ಮನಸ್ಸಾಗಲಿಲ್ಲ. ಬೈದರೆ ಮುಂದಿನ ಸಲ ನಿಜ ಹೇಳುವುದಿಲ್ಲ, ನಮಗೆ ನಿಜ ಗೊತ್ತಾಗುವುದೇ ಮುಖ್ಯ. ಪೊಂಗಲ್ ಒಂದೇ ಕಾರಣ ಅಂತಲೂ ನಾನು ಹೇಳಲಾರೆ. ಫಾಸ್ಫರಸ್ ಮೊದಲೇ ಇಳಿಯುತ್ತಿತ್ತು, ಬೆಲ್ಲ ಅದನ್ನು ತಳ್ಳಿತು.

ರಾತ್ರಿ ರಿಪೋರ್ಟ್ ಬಂತು. ಫಾಸ್ಫರಸ್ 1.6, ಅಂದರೆ ಶೇ 45 ಕುಸಿತ. ಪೊಟ್ಯಾಸಿಯಂ 3.0, ಮೆಗ್ನೀಸಿಯಂ 1.5, ಕ್ಯಾಲ್ಸಿಯಂ 8.4.

ಹೆಜ್ಜೆ 7: ಕುಸಿದಾಗ ಏನು ಮಾಡಬೇಕು

ಮೊದಲ ಕೆಲಸ ಊಟವನ್ನು ಅರ್ಧಕ್ಕೆ ಇಳಿಸುವುದು. ಪೂರ್ತಿ ನಿಲ್ಲಿಸುವುದಲ್ಲ. 190 ಕ್ಯಾಲೊರಿ, ಅದೂ ಹಾಲೇ.

ಎರಡನೆಯದು ಫಾಸ್ಫೇಟ್. ಪೊಟ್ಯಾಸಿಯಂ ಫಾಸ್ಫೇಟ್ ಇಂಜೆಕ್ಷನ್ ನಮ್ಮಲ್ಲಿರಲಿಲ್ಲ. ಸ್ಯಾಂಪಲ್ ತೆಗೆದುಕೊಂಡು ಹೋದ ವಾಹನದಲ್ಲೇ ಹಾಸನದಿಂದ ತರಿಸಿದ್ದೆವು. ರಿಪೋರ್ಟಿಗೆ ಕಾದು ಆಮೇಲೆ ಹೇಳಿದ್ದರೆ ಇನ್ನೆರಡು ಮೂರು ಗಂಟೆ ತಡವಾಗುತ್ತಿತ್ತು. ಇದರ ಒಂದು ಮಿ.ಲೀ.ನಲ್ಲಿ 3 ಮಿಲಿಮೋಲ್ ಫಾಸ್ಫೇಟ್, 4.4 ಮಿಲಿಮೋಲ್ ಪೊಟ್ಯಾಸಿಯಂ ಇರುತ್ತದೆ. ಆಂಪ್ಯೂಲಿನ ಮೇಲೆ ಬರೆದಿರುವುದನ್ನು ಓದಿಯೇ ಲೆಕ್ಕ ಹಾಕಿ. ಕೆ.ಜಿ.ಗೆ 0.3ರಂತೆ ಸುಮಾರು 12 ಮಿಲಿಮೋಲ್, ಅಂದರೆ 4 ಮಿ.ಲೀ. ಅದನ್ನು 250 ಮಿ.ಲೀ. ನಾರ್ಮಲ್ ಸಲೈನಿನಲ್ಲಿ ಬೆರೆಸಿ ಆರು ಗಂಟೆ ಬಿಟ್ಟೆವು. ಇದರಲ್ಲೇ 17-18 ಮಿಲಿಮೋಲ್ ಪೊಟ್ಯಾಸಿಯಂ ಹೋಗುತ್ತದೆ, ಸಿರಪ್ಪಿನ ಲೆಕ್ಕದಲ್ಲಿ ಅದನ್ನು ಹಿಡಿಯಬೇಕು. ರಿಂಗರ್ ಲ್ಯಾಕ್ಟೇಟಿನಲ್ಲಿ ಬೆರೆಸಬೇಡಿ. ಅದರ ಕ್ಯಾಲ್ಸಿಯಂ ಜೊತೆ ಸೇರಿ ಫಾಸ್ಫೇಟ್ ಹರಳುಗಟ್ಟುತ್ತದೆ. ಅವಸರದಲ್ಲಿ ವೇಗವಾಗಿ ಬಿಟ್ಟರೆ ರಕ್ತದ ಕ್ಯಾಲ್ಸಿಯಂ ಇಳಿದು ಕೈ ಬೆರಳು ಸೆಟೆದುಕೊಳ್ಳುತ್ತವೆ.

ಮೆಗ್ನೀಸಿಯಂ ಇನ್ನೆರಡು ಆಂಪ್ಯೂಲ್. ಥಯಾಮಿನ್ ಇಂಜೆಕ್ಷನ್ ಇನ್ನೂ ಮೂರು ದಿನ ಮುಂದುವರಿಸಿದೆವು. ಕಾಲೂತ ನೋಡಿ ಫ್ರುಸೆಮೈಡ್ ಕೊಡುವ ಆಸೆ ಬರುತ್ತದೆ. ಅದು ಪೊಟ್ಯಾಸಿಯಂ, ಮೆಗ್ನೀಸಿಯಂ ಎರಡನ್ನೂ ಮೂತ್ರದಲ್ಲಿ ಕಳೆಯುತ್ತದೆ. ಎದೆಯಲ್ಲಿ ನೀರಿನ ಸದ್ದು ಇರಲಿಲ್ಲ, ಆಮ್ಲಜನಕ ಶೇ 96 ಇತ್ತು. ಹಾಗಾಗಿ ಕೊಡಲಿಲ್ಲ, ನೀರಿನ ಅಳತೆ 900 ಮಿ.ಲೀ.ಗೆ ಇಳಿಸಿದೆವು.

ಫಾಸ್ಫರಸ್ 1.0ಕ್ಕಿಂತ ಕೆಳಗೆ ಹೋಗಿದ್ದರೆ, ಬಡಿತ ತಾಳ ತಪ್ಪಿದ್ದರೆ, ಉಸಿರಾಟ ಸೋಲುತ್ತಿದ್ದರೆ, ಮಂಪರು ಬಂದಿದ್ದರೆ ಕಾಯದೆ ಐಸಿಯುಗೆ ಕಳಿಸಬೇಕಿತ್ತು. ಹಾಸನದ ಮೆಡಿಕಲ್ ಕಾಲೇಜ್ ಆಸ್ಪತ್ರೆಗೆ ಫೋನು ಮಾಡಿ ಆಂಬುಲೆನ್ಸ್ ಸಿದ್ಧ ಇಟ್ಟುಕೊಂಡೇ ಆ ರಾತ್ರಿ ಕಳೆದೆವು. ಕಳಿಸುವಾಗ ಚೀಟಿಯಲ್ಲಿ ಯಾವ ದಿನ ಎಷ್ಟು ಕ್ಯಾಲೊರಿ, ಎಷ್ಟು ಥಯಾಮಿನ್ ಹೋಗಿದೆ, ಮೊದಲ ದಿನದ ಫಾಸ್ಫರಸ್ ಎಷ್ಟು ಅನ್ನುವುದು ಇರಲಿ. ಇಲ್ಲದಿದ್ದರೆ ದಾರಿಯಲ್ಲೇ ಯಾರಾದರೂ ಗ್ಲೂಕೋಸ್ ಹಾಕುತ್ತಾರೆ.

ನಾಲ್ಕನೇ ದಿನ ಸಂಜೆ ಫಾಸ್ಫರಸ್ 2.2, ಪೊಟ್ಯಾಸಿಯಂ 3.4, ನಾಡಿ 84. ಫಾಸ್ಫೇಟ್ ಇನ್ನೊಂದು ಸಲ ಅಷ್ಟೇ ಕೊಟ್ಟೆವು. ಐದನೇ ದಿನ ಬೆಳಗ್ಗೆ 2.7. ತಾನಾಗೇ ತಲೆ ಎತ್ತಿ ನೀರು ಕೇಳಿದ.

ಹೆಜ್ಜೆ 8: ಏರಿಸುವುದು

ನಿಯಮ ಸರಳ. ಮೂರು ಲವಣ ಇಳಿಯದೆ ನಿಂತಿದ್ದರೆ, ನಾಡಿ ಏರದಿದ್ದರೆ ಮಾತ್ರ ಮುಂದಿನ ಮೆಟ್ಟಿಲು. ಐದನೇ ದಿನ ಮತ್ತೆ 380. ಆರನೇ ದಿನ ಕೆ.ಜಿ.ಗೆ 15ರಂತೆ 570, ಇಲ್ಲಿ ಒಂದು ಮೊಟ್ಟೆ ಮತ್ತು ಬೇಳೆ ಕಟ್ಟು ಸೇರಿತು. ಏಳು, ಎಂಟನೇ ದಿನ 760, ಒಂದು ಅಕ್ಕಿ ರೊಟ್ಟಿ ಬಂತು. ಹತ್ತನೇ ದಿನ 1140, ಅರ್ಧ ಮುದ್ದೆ, ಬಸ್ಸಾರು. ಮುದ್ದೆ ಮುರಿದು ಬಾಯಿಗಿಟ್ಟಿದ್ದು ತಂಗಿಯೇ. ಮೊದಲು ಏರಿದ್ದ ತೂಕ ಈ ದಿನಗಳಲ್ಲಿ ಇಳಿದು 38.4ಕ್ಕೆ ಬಂತು. ಊತ ಇಳಿಯಿತು ಅಂತ ಅರ್ಥ, ಗಾಬರಿಯಾಗಬೇಡಿ. ನಿಜವಾದ ತೂಕ ಕೂಡುವುದು ಇದರ ಆಮೇಲೆ.

ಹನ್ನೆರಡನೇ ದಿನ ಮನೆಗೆ ಕಳಿಸಿದೆವು. ಚೀಟಿಯಲ್ಲಿ ಥಯಾಮಿನ್ ಮಾತ್ರೆ, ಮಲ್ಟಿವಿಟಮಿನ್, ದಿನಕ್ಕೆ ಅರ್ಧ ಲೀಟರ್ ಹಾಲು, ವಾರಕ್ಕೊಮ್ಮೆ ತೂಕ, ಕುಡಿತ ಬಿಡಿಸುವ ವಿಭಾಗದ ತಾರೀಖು ಬರೆದೆ. ಕೊನೆಯ ಸಾಲನ್ನು ತಂಗಿಗೆ ಎರಡು ಸಲ ಓದಿ ಹೇಳಿದೆ. ಮತ್ತೆ ಕುಡಿದು ಐದು ದಿನ ಊಟ ಬಿಟ್ಟರೆ ಲೆಕ್ಕ ಮತ್ತೆ ಮೊದಲಿನಿಂದ, ಆಗ ಮನೆಯಲ್ಲಿ ಬೆಲ್ಲದ ಪಾನಕ ಕುಡಿಸಬೇಡಿ, ಅಂಗಡಿ ಕ್ಲಿನಿಕ್ಕಿನಲ್ಲಿ ಬಾಟ್ಲಿ ಹಾಕಿಸಬೇಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಬನ್ನಿ, ಈ ಚೀಟಿ ತೋರಿಸಿ. ಅವಳು ಚೀಟಿ ಮಡಚಿ ತಾಳಿ ಸರದ ಜೊತೆಗಿದ್ದ ಸಣ್ಣ ಪರ್ಸಿನಲ್ಲಿ ಇಟ್ಟುಕೊಂಡಳು.